ಹಸಿರು ಅಂದ್ರೆ ಏರಿಕೆ, ಕೆಂಪು ಅಂದ್ರೆ ಇಳಿಕೆ: ಬಣ್ಣ ಗೊತ್ತಾಗದವರು ನಿಮ್ಮ ಸ್ಲೈಡ್ ಓದೋದು ಹೇಗೆ?

ರಾಮನಗರ: ಗೂಡಿನ ದರ, ಮಳೆ ಅಲರ್ಟ್, ಕರೆಂಟ್ ಕಟ್, ಅಂಗಡಿಯ ಆಫರ್. ಈಗ ಎಲ್ಲವೂ ಮೊಬೈಲ್‌ನಲ್ಲಿ ಬೆರಳಿಂದ ಸರಿಸಿ ನೋಡುವ ಸ್ಲೈಡ್‌ಗಳಾಗಿ ಬರುತ್ತವೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಲ್ಲಿ ಇದಕ್ಕೆ ಕ್ಯಾರೊಸೆಲ್ ಅಂತಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಸಣ್ಣ ಅಂಗಡಿಯವರೂ ಫೋನ್‌ನಲ್ಲೇ ಇಂಥ ಸ್ಲೈಡ್ ಮಾಡಿ ಹಾಕ್ತಿದ್ದಾರೆ. ಇವುಗಳಲ್ಲಿ ಬಹಳಷ್ಟು ಸಲ ಮುಖ್ಯ ಸುದ್ದಿಯನ್ನು ಹೇಳುವುದು ಬಣ್ಣ ಮಾತ್ರ. ಹಸಿರು ಇದ್ದರೆ ಒಳ್ಳೇದು, ಕೆಂಪು ಇದ್ದರೆ ಹುಷಾರು. ಆದರೆ ಕೆಂಪು-ಹಸಿರು ಬೇರೆ ಬೇರೆ ಅಂತ ಕಾಣದವರಿಗೆ ಆ ಸ್ಲೈಡ್ ಏನೂ ಹೇಳುವುದಿಲ್ಲ. ಕೆಲವೊಮ್ಮೆ ತಪ್ಪನ್ನೇ ಹೇಳುತ್ತದೆ.

ಇದನ್ನು ಸರಿಪಡಿಸೋಕೆ ಬಣ್ಣ ತೆಗೆಯಬೇಕಾಗಿಲ್ಲ. ಬಣ್ಣ ಹೇಳುವ ಮಾತನ್ನು ಪದ, ಬಾಣ ಅಥವಾ ಆಕಾರವೂ ಹೇಳುವ ಹಾಗೆ ಮಾಡಿದರೆ ಸಾಕು. ಹೇಗೆ ಅನ್ನೋದು ಇಲ್ಲಿದೆ.

2020ರ ಮೇ ತಿಂಗಳ ನಕ್ಷೆ

ಕೊರೊನಾ ಲಾಕ್‌ಡೌನ್ ದಿನಗಳನ್ನು ನೆನಪಿಸಿಕೊಳ್ಳಿ. 2020ರ ಮೇ ಮೊದಲ ವಾರ ಕೇಂದ್ರ ಆರೋಗ್ಯ ಸಚಿವಾಲಯದ ಪಟ್ಟಿಯಂತೆ ಜಿಲ್ಲೆಗಳು ಕೆಂಪು, ಕಿತ್ತಳೆ, ಹಸಿರು ವಲಯಗಳಾದವು. ನಮ್ಮ ಜಿಲ್ಲೆ (2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾಗಿದೆ) ಆಗ ಹಸಿರು ವಲಯ. ಪಕ್ಕದ ಬೆಂಗಳೂರು ನಗರ ಮತ್ತು ಗ್ರಾಮಾಂತರ ಕೆಂಪು. ಮಂಡ್ಯ, ತುಮಕೂರು ಕಿತ್ತಳೆ. ದಕ್ಷಿಣಕ್ಕೆ ಚಾಮರಾಜನಗರ ಹಸಿರು. ಅಂದರೆ ನಮ್ಮ ಜಿಲ್ಲೆಯ ಗಡಿ ದಾಟಿದರೆ ಒಂದೊಂದು ದಿಕ್ಕಿಗೆ ಒಂದೊಂದು ಬಣ್ಣ. ಯಾವ ಅಂಗಡಿ ತೆರೆಯಬಹುದು, ಬಸ್ಸು ಓಡುತ್ತೋ ಇಲ್ವೋ ಅನ್ನುವುದು ಆ ಬಣ್ಣದ ಮೇಲೆ ನಿಂತಿತ್ತು.

ಆ ಮೂರು ಬಣ್ಣದ ನಕ್ಷೆಗಳು ಫೋನಿಂದ ಫೋನಿಗೆ ಓಡಾಡಿದವು. ಕೆಂಪು, ಕಿತ್ತಳೆ, ಹಸಿರು ಈ ಮೂರೂ ಬಣ್ಣಗುರುಡು ಇರುವವರಿಗೆ ಅತಿ ಹೆಚ್ಚು ಗೊಂದಲ ಮಾಡುವ ಬಣ್ಣಗಳು. ಅವರ ಕಣ್ಣಿಗೆ ಮೂರೂ ಹಳದಿ-ಕಂದು ಕಡೆಗೆ ವಾಲಿ, ಒಂದೇ ಬಣ್ಣದ ದಟ್ಟ-ತಿಳಿ ಛಾಯೆಗಳ ಹಾಗೆ ಕಾಣಬಹುದು. ಬಿಡದಿಯಿಂದ ಕೆಂಗೇರಿ ಕಡೆಗೆ, ಚನ್ನಪಟ್ಟಣದಿಂದ ಮದ್ದೂರು ಕಡೆಗೆ ಹೊರಟವರಿಗೆ ಬರೀ ಬಣ್ಣದ ನಕ್ಷೆಯಿಂದ ವಲಯ ಯಾವುದು ಅಂತ ಹೇಳೋಕೆ ಆಗದು. ಪ್ರತಿ ಜಿಲ್ಲೆಯ ಮೇಲೆ "ಕೆಂಪು", "ಕಿತ್ತಳೆ", "ಹಸಿರು" ಅಂತ ಪದ ಬರೆದಿದ್ದರೆ ಸಮಸ್ಯೆಯೇ ಇರುತ್ತಿರಲಿಲ್ಲ.

ಬಣ್ಣಗುರುಡು ಅಂದರೆ ಏನು?

ವರ್ಣಾಂಧತೆ ಇರುವವರಿಗೆ ಜಗತ್ತು ಕಪ್ಪು-ಬಿಳುಪಾಗಿ ಕಾಣುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಹಾಗೆ ಕಾಣುವುದು ತೀರಾ ಅಪರೂಪ. ಸಾಮಾನ್ಯವಾಗಿರುವುದು ಕೆಂಪು-ಹಸಿರಿನ ಗೊಂದಲ. ಕಣ್ಣಿನ ಹಿಂಪದರದಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಕೋಶಗಳಿವೆ. ಅವುಗಳಲ್ಲಿ ಒಂದು ಇಲ್ಲದಿದ್ದರೆ ಅಥವಾ ಸರಿಯಾಗಿ ಕೆಲಸ ಮಾಡದಿದ್ದರೆ ಈ ಗೊಂದಲ ಬರುತ್ತದೆ. ಹೆಚ್ಚಿನವರಿಗೆ ಇದು ಹುಟ್ಟಿನಿಂದಲೇ ಇರುತ್ತದೆ, ತಾಯಿಯ ಕಡೆಯಿಂದ ಬರುತ್ತದೆ. ಗಂಡಸರಲ್ಲಿ ಜಾಸ್ತಿ, ಹೆಂಗಸರಲ್ಲಿ ಕಡಿಮೆ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ 100ಕ್ಕೆ ಸುಮಾರು 8 ಜನರಿಗೆ ಇದೆ. ಭಾರತದಲ್ಲಿ ನಡೆದ ಹಲವು ಅಧ್ಯಯನಗಳಲ್ಲಿ ಸಂಖ್ಯೆ ಇದಕ್ಕಿಂತ ಕಡಿಮೆ ಬಂದಿದೆ. ಕಡಿಮೆಯಾದರೂ, ನೂರಾರು ಜನ ನೋಡುವ ಪೋಸ್ಟ್ ಅಂದಮೇಲೆ ಅವರಲ್ಲಿ ಇಂಥವರು ಕೆಲವರಾದರೂ ಇದ್ದೇ ಇರುತ್ತಾರೆ. ಎಷ್ಟೋ ಜನಕ್ಕೆ ತಮಗೆ ಇದಿದೆ ಅಂತಲೇ ಗೊತ್ತಿರಲ್ಲ. ಗೊತ್ತಿದ್ದವರೂ ಹೇಳಿಕೊಳ್ಳೋದು ಕಡಿಮೆ.

ಕೆಂಪು-ಹಸಿರು ಒಂದೇ ಅಲ್ಲ. ಹಸಿರು-ಕಂದು, ಕಿತ್ತಳೆ-ತಿಳಿಹಸಿರು, ನೀಲಿ-ನೇರಳೆ, ಗುಲಾಬಿ-ಬೂದು ಇವೂ ಬೆರೆತು ಹೋಗುತ್ತವೆ. ಒಂದು ಬಗೆಯವರಿಗೆ ಕೆಂಪು ಬಣ್ಣವೇ ಮಸುಕಾಗಿ, ಬಹುತೇಕ ಕಪ್ಪಾಗಿ ಕಾಣುತ್ತೆ. ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಅಕ್ಷರದಲ್ಲಿ "ಬ್ರೇಕಿಂಗ್" ಅಂತ ಹಾಕಿದರೆ ಅವರಿಗೆ ಅಲ್ಲಿ ಅಕ್ಷರ ಇದೆ ಅನ್ನೋದೇ ಸರಿಯಾಗಿ ತಿಳಿಯದು.

ಹಾಗಿದ್ದರೆ ಇಂಥವರು ಟ್ರಾಫಿಕ್ ಸಿಗ್ನಲ್ ಹೇಗೆ ನೋಡ್ತಾರೆ? ಜಾಗ ನೋಡಿ. ಮೇಲಿನ ದೀಪ ಉರಿದರೆ ನಿಲ್ಲಬೇಕು, ಕೆಳಗಿನದು ಉರಿದರೆ ಹೋಗಬಹುದು. ಅಲ್ಲಿ ಬಣ್ಣದ ಜೊತೆಗೆ ಜಾಗವೂ ಅದೇ ಅರ್ಥ ಹೇಳುತ್ತೆ. ಸ್ಲೈಡ್‌ಗೆ ಬೇಕಾದದ್ದೂ ಇಂಥ ಎರಡನೇ ಗುರುತೇ.

ಅಂಗಡಿಯ ಪ್ಯಾಕೆಟ್ಟಿನಲ್ಲೇ ಇದೆ ಪಾಠ

ದಿನಸಿ ಅಂಗಡಿಯವರಿಗೆ ಪ್ಯಾಕೆಟ್ ಮೇಲಿನ ವೆಜ್, ನಾನ್‌ವೆಜ್ ಗುರುತು ಗೊತ್ತೇ ಇದೆ. ಮೊದಲು ಎರಡಕ್ಕೂ ಆಕಾರ ಒಂದೇ, ಚೌಕದೊಳಗೆ ದುಂಡು ಚುಕ್ಕೆ. ವೆಜ್‌ಗೆ ಹಸಿರು, ನಾನ್‌ವೆಜ್‌ಗೆ ಕಂದು. ಹಸಿರು-ಕಂದು ಬೆರೆತು ಕಾಣುವವರಿಗೆ ಎರಡೂ ಒಂದೇ ಚುಕ್ಕೆ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ತನ್ನ 2020ರ ಲೇಬಲ್ ನಿಯಮಗಳಲ್ಲಿ ನಾನ್‌ವೆಜ್ ಗುರುತನ್ನು ಚೌಕದೊಳಗಿನ ಕಂದು ತ್ರಿಕೋನವಾಗಿ ಬದಲಿಸಿತು. ಬಣ್ಣ ಗುರುತಿಸಲಾಗದವರಿಗೂ ವ್ಯತ್ಯಾಸ ತಿಳಿಯಲಿ ಅನ್ನೋದು ಉದ್ದೇಶ. ಬಣ್ಣ ಹಾಗೇ ಉಳಿಯಿತು, ಆಕಾರ ಬೇರೆಯಾಯಿತು. ಈಗ ಪ್ಯಾಕೆಟ್ಟನ್ನು ಜೆರಾಕ್ಸ್ ಮಾಡಿದರೂ ಯಾವುದು ಯಾವುದು ಅಂತ ಹೇಳಬಹುದು.

ಹೋಟೆಲ್, ಮೆಸ್ಸಿನವರು ಮೆನು ಸ್ಲೈಡ್‌ನಲ್ಲಿ ಈಗಲೂ ಹಸಿರು ಚುಕ್ಕೆ, ಕೆಂಪು ಚುಕ್ಕೆ ಹಾಕ್ತಾರೆ. ಅಲ್ಲೂ ನಾನ್‌ವೆಜ್‌ಗೆ ತ್ರಿಕೋನ ಬಳಸಿ. ಇನ್ನೂ ಒಳ್ಳೇದು ಅಂದರೆ ಎರಡು ಪಟ್ಟಿ ಬೇರೆ ಮಾಡಿ, ಮೇಲೆ "ವೆಜ್", "ನಾನ್‌ವೆಜ್" ಅಂತ ಬರೆದುಬಿಡಿ.

ಕ್ಯಾರೊಸೆಲ್‌ನಲ್ಲಿ ತೊಂದರೆ ಯಾಕೆ ಜಾಸ್ತಿ?

ಗೋಡೆಯ ಮೇಲಿನ ಪೋಸ್ಟರ್‌ನಲ್ಲಿ ಬಣ್ಣದ ಅರ್ಥ ಹೇಳುವ ಪಟ್ಟಿ ಮೂಲೆಯಲ್ಲೇ ಇರುತ್ತೆ, ಕಣ್ಣು ಹೊರಳಿಸಿದರೆ ಸಾಕು. ಕ್ಯಾರೊಸೆಲ್‌ನಲ್ಲಿ ಆ ಪಟ್ಟಿ ಒಂದು ಸ್ಲೈಡ್‌ನಲ್ಲಿ, ಅಂಕಿ ಇನ್ನೊಂದರಲ್ಲಿ. ನೋಡುವವರು ಬಣ್ಣವನ್ನು ನೆನಪಿನಲ್ಲಿ ಇಟ್ಟುಕೊಂಡು ಮುಂದಕ್ಕೆ ಸರಿಸಬೇಕು. ಬಣ್ಣವೇ ಸರಿಯಾಗಿ ಕಾಣದವರು ನೆನಪಿಟ್ಟುಕೊಳ್ಳುವುದು ಏನನ್ನು?

ಇನ್ನೊಂದು ವಿಷಯವಿದೆ. ಜನ ಐದೂ ಸ್ಲೈಡ್ ಹಂಚಿಕೊಳ್ಳೋದಿಲ್ಲ. ತಮಗೆ ಬೇಕಾದ ಒಂದರ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕ್ತಾರೆ. ಬಣ್ಣದ ಪಟ್ಟಿ ಅಲ್ಲಿಗೆ ಹೋಗುವುದೇ ಇಲ್ಲ. ಹಾಗಾಗಿ ಪ್ರತಿ ಸ್ಲೈಡ್ ಒಂಟಿಯಾಗಿ ಸಿಕ್ಕರೂ ಅದರಲ್ಲಿರುವ ಮಾತು ಪೂರ್ತಿ ತಿಳಿಯಬೇಕು.

ಉದಾಹರಣೆ: ಗೂಡಿನ ದರದ ಐದು ಸ್ಲೈಡ್

ರಾಮನಗರ ರೇಷ್ಮೆಗೂಡು ಮಾರುಕಟ್ಟೆಯ ದರವನ್ನು ದಿನಾ ಸ್ಲೈಡ್ ಮಾಡಿ ಹಾಕುವ ಒಂದು ಪುಟ ಇದೆ ಅಂದುಕೊಳ್ಳಿ. ಬಿಳಿ ಗೂಡು (ದ್ವಿತಳಿ) ಕೆಜಿಗೆ ಸರಾಸರಿ ನಿನ್ನೆ ₹650, ಇಂದು ₹620. ಹಳದಿ ಗೂಡು (ಮಿಶ್ರತಳಿ) ನಿನ್ನೆ ₹540, ಇಂದು ₹565. ಈ ಅಂಕಿಗಳು ಉದಾಹರಣೆಗೆ ಮಾತ್ರ, ಇಂದಿನ ದರ ಅಲ್ಲ.

ಸಾಮಾನ್ಯವಾಗಿ ಇಂಥ ಸ್ಲೈಡ್ ಹೀಗಿರುತ್ತೆ. ಮೊದಲನೆಯದರಲ್ಲಿ "ಇಂದಿನ ಗೂಡಿನ ದರ" ಅಂತ ಶೀರ್ಷಿಕೆ, ದಿನಾಂಕ. ಎರಡನೆಯದರಲ್ಲಿ ಬಿಳಿ ಗೂಡು, ದೊಡ್ಡದಾಗಿ ಕೆಂಪು ಅಕ್ಷರದಲ್ಲಿ 620. ಮೂರನೆಯದರಲ್ಲಿ ಹಳದಿ ಗೂಡು, ಹಸಿರು ಅಕ್ಷರದಲ್ಲಿ 565. ನಾಲ್ಕನೆಯದರಲ್ಲಿ ವಾರದ ಗ್ರಾಫ್, ಬಿಳಿ ಗೂಡಿಗೆ ಹಸಿರು ಗೆರೆ, ಹಳದಿ ಗೂಡಿಗೆ ಕೆಂಪು ಗೆರೆ. ಕೊನೆಯದರಲ್ಲಿ "ಹಸಿರು = ಏರಿಕೆ, ಕೆಂಪು = ಇಳಿಕೆ".

ಬಣ್ಣ ಗುರುತಿಸಲಾಗದ ರೈತ ಇದನ್ನು ನೋಡಿದರೆ 620, 565 ಅನ್ನುವ ಎರಡು ಅಂಕಿ ಮಾತ್ರ ಸಿಗುತ್ತೆ. ಏರಿತೋ ಇಳಿಯಿತೋ ಗೊತ್ತಾಗಲ್ಲ. ಗ್ರಾಫ್‌ನಲ್ಲಿ ಯಾವ ಗೆರೆ ಯಾವ ಗೂಡಿನದು ಅಂತಲೂ ತಿಳಿಯಲ್ಲ. ಬಣ್ಣ ಚೆನ್ನಾಗಿ ಕಾಣುವವರಿಗೂ ಇಲ್ಲೊಂದು ಗೊಂದಲವಿದೆ. ಮೂರನೇ ಸ್ಲೈಡ್‌ವರೆಗೆ ಕೆಂಪು ಅಂದರೆ ಇಳಿಕೆ, ನಾಲ್ಕನೆಯದರಲ್ಲಿ ಕೆಂಪು ಅಂದರೆ ಹಳದಿ ಗೂಡು.

ಇದು ಸಣ್ಣ ವಿಷಯವಲ್ಲ. ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ದರ ಬರಲಿ ಅಂತ ತುಂಬಾ ದಿನ ಮನೆಯಲ್ಲಿ ಇಟ್ಟುಕೊಳ್ಳೋಕಾಗಲ್ಲ. ಇಟ್ಟಷ್ಟೂ ತೂಕ ಇಳಿಯುತ್ತೆ, ತಡವಾದರೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತೆ. ಇವತ್ತು ಹೋಗೋಣವೋ ನಾಳೆ ಹೋಗೋಣವೋ ಅಂತ ಫೋನ್ ನೋಡುವವರಿಗೆ ಏರಿಕೆ-ಇಳಿಕೆಯೇ ಮುಖ್ಯ ಸುದ್ದಿ.

ಅದೇ ಐದು ಸ್ಲೈಡನ್ನು ಸರಿ ಮಾಡೋದು ಹೀಗೆ.

ಸ್ಲೈಡ್ 1: ಬರೀ ಶೀರ್ಷಿಕೆ ಬೇಡ, ಸುದ್ದಿಯನ್ನೇ ಬರೆಯಿರಿ. "ಬಿಳಿ ಗೂಡು ₹30 ಇಳಿಕೆ, ಹಳದಿ ಗೂಡು ₹25 ಏರಿಕೆ". ಕೆಳಗೆ ಮಾರುಕಟ್ಟೆಯ ಹೆಸರು, ದಿನಾಂಕ.

ಸ್ಲೈಡ್ 2: "ಬಿಳಿ ಗೂಡು, ಸರಾಸರಿ ಕೆಜಿಗೆ ₹620". ಅದರ ಕೆಳಗೆ "▼ ನಿನ್ನೆಗಿಂತ ₹30 ಇಳಿಕೆ (ನಿನ್ನೆ ₹650)". ಅಂಕಿ ಕಪ್ಪು ಅಕ್ಷರದಲ್ಲೇ ಇರಲಿ. ಬಣ್ಣ ಬೇಕಿದ್ದರೆ ಬಾಣಕ್ಕೆ ಕೊಡಿ.

ಸ್ಲೈಡ್ 3: ಹಳದಿ ಗೂಡಿಗೂ ಅದೇ ಜೋಡಣೆ, "▲ ನಿನ್ನೆಗಿಂತ ₹25 ಏರಿಕೆ (ನಿನ್ನೆ ₹540)". ಬಾಣ, ಪದ, ಅಂಕಿ ಎರಡೂ ಸ್ಲೈಡ್‌ನಲ್ಲಿ ಒಂದೇ ಜಾಗದಲ್ಲಿ ಇರಲಿ.

ಸ್ಲೈಡ್ 4: ಗ್ರಾಫ್‌ನಲ್ಲಿ ಒಂದು ಗೆರೆ ಪೂರ್ತಿ, ಇನ್ನೊಂದು ತುಂಡು ತುಂಡು. ಪ್ರತಿ ಗೆರೆಯ ಕೊನೆಯಲ್ಲೇ "ಬಿಳಿ ಗೂಡು", "ಹಳದಿ ಗೂಡು" ಅಂತ ಹೆಸರು. ಹೆಸರು ಗೆರೆಯ ಪಕ್ಕದಲ್ಲೇ ಇದ್ದರೆ ಬಣ್ಣದ ಪಟ್ಟಿ ಬೇಕಾಗಿಯೇ ಇಲ್ಲ. ಹಳದಿ ಗೂಡು ಅಂತ ಬಿಳಿ ಹಿನ್ನೆಲೆ ಮೇಲೆ ಹಳದಿ ಗೆರೆ ಎಳೆಯಬೇಡಿ, ಅದು ಯಾರ ಕಣ್ಣಿಗೂ ಸರಿಯಾಗಿ ಕಾಣಲ್ಲ.

ಸ್ಲೈಡ್ 5: ಬಣ್ಣದ ಪಟ್ಟಿಗೆ ಈಗ ಕೆಲಸವಿಲ್ಲ. ಆ ಜಾಗದಲ್ಲಿ ಗರಿಷ್ಠ, ಕನಿಷ್ಠ ದರ ಹಾಕಬಹುದು.

ಬಾಣ ಒಂದೇ ಸಾಕಲ್ವಾ ಅಂತ ಕೇಳಬಹುದು. ಸಣ್ಣ ಪರದೆಯಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಎರಡು ಸಲ ಫಾರ್ವರ್ಡ್ ಆಗಿ ಮಸುಕಾದ ಚಿತ್ರದಲ್ಲಿ ಪುಟ್ಟ ▲ ಮತ್ತು ▼ ಎರಡೂ ಒಂದು ಚುಕ್ಕೆಯ ಹಾಗೆ ಕಾಣುತ್ತವೆ. ಮೈನಸ್ ಗುರುತಂತೂ ಅಳಿಸಿಯೇ ಹೋಗುತ್ತೆ. "ಏರಿಕೆ", "ಇಳಿಕೆ" ಅನ್ನುವ ಪದ ಮಾತ್ರ ಎಲ್ಲೂ ಕಳೆದುಹೋಗಲ್ಲ.

ಬಣ್ಣ ಬಳಸೋದಾದರೆ ಯಾವುದು?

ಕೆಂಪು-ಹಸಿರಿನ ಬದಲು ನೀಲಿ ಮತ್ತು ಕಿತ್ತಳೆಗೆಂಪು ಜೋಡಿ ಬಳಸಿ. ಕೆಂಪು-ಹಸಿರಿನ ಗೊಂದಲ ಇರುವವರಿಗೂ ಇವೆರಡು ಬೇರೆ ಬೇರೆಯಾಗಿ ಕಾಣುತ್ತವೆ. ಜಪಾನಿನ ವಿಜ್ಞಾನಿಗಳಾದ ಮಸಟಾಕ ಒಕಾಬೆ ಮತ್ತು ಕೆಯ್ ಇಟೊ ಇಂಥ ಬಣ್ಣಗಳ ಒಂದು ಗುಂಪನ್ನು ಆರಿಸಿಕೊಟ್ಟಿದ್ದಾರೆ. ಅದರಲ್ಲಿನ ನೀಲಿಯ ಸಂಕೇತ `#0072B2`, ಕಿತ್ತಳೆಗೆಂಪಿನದು `#D55E00`. ಸ್ಲೈಡ್ ಮಾಡುವ ಆ್ಯಪ್‌ನಲ್ಲಿ ಬಣ್ಣ ಆರಿಸುವ ಕಡೆ ಈ ಸಂಕೇತ ಟೈಪ್ ಮಾಡಿದರೆ ಅದೇ ಬಣ್ಣ ಬರುತ್ತೆ.

ಇದಕ್ಕೂ ಮಿತಿ ಇದೆ. ಇವೆರಡರ ಬಣ್ಣ ಬೇರೆಯಾದರೂ ದಟ್ಟತನ ಹತ್ತಿರ ಹತ್ತಿರ. ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದರೆ ಎರಡೂ ಬೂದು ಬಣ್ಣವೇ. ಬಿಳಿ ಹಿನ್ನೆಲೆ ಮೇಲೆ ನೀಲಿಯಲ್ಲಿ ಸಣ್ಣ ಅಕ್ಷರವನ್ನೂ ಓದಬಹುದು, ಕಿತ್ತಳೆಗೆಂಪು ದಪ್ಪ, ದೊಡ್ಡ ಅಕ್ಷರಕ್ಕೆ ಮಾತ್ರ ಸರಿ. ಹಾಗಾಗಿ ಒಳ್ಳೆ ಬಣ್ಣ ಆರಿಸಿದ ಮೇಲೂ ಪದ, ಬಾಣ ಬಿಡುವಂತಿಲ್ಲ.

ಚನ್ನಪಟ್ಟಣದ ಬೊಂಬೆ, ಬಟ್ಟೆ ಅಂಗಡಿ

ಕೆಲವು ಕಡೆ ಬಣ್ಣವೇ ಮಾಲಿನ ವಿಷಯ. ಅರಗಿನ ಬಣ್ಣದ ಬೊಂಬೆ ಮಾರುವವರು ಒಂದೇ ಬೊಂಬೆಯನ್ನು ಕೆಂಪು, ಹಸಿರು, ಕಿತ್ತಳೆ, ಹಳದಿಯಲ್ಲಿ ತೋರಿಸಿ, ಕೆಳಗೆ ನಾಲ್ಕು ಬಣ್ಣದ ಚುಕ್ಕೆ ಇಟ್ಟು "ಬೇಕಾದ ಬಣ್ಣ ಹೇಳಿ" ಅಂತಾರೆ. ಗ್ರಾಹಕ ಹಸಿರು ಅಂದುಕೊಂಡು ಆರ್ಡರ್ ಮಾಡಿದ್ದು ಕಿತ್ತಳೆ ಆಗಿರಬಹುದು. ಮಾಲು ವಾಪಸ್ ಬಂದರೆ ಕೊರಿಯರ್ ಖರ್ಚು ಅಂಗಡಿಯವರ ತಲೆಗೆ. ಪ್ರತಿ ಚುಕ್ಕೆಯ ಕೆಳಗೆ ಬಣ್ಣದ ಹೆಸರು ಮತ್ತು ಒಂದು ನಂಬರ್ ಬರೆಯಿರಿ: "1 ಕೆಂಪು, 2 ಹಸಿರು, 3 ಕಿತ್ತಳೆ, 4 ಹಳದಿ". ಆಗ "ಎರಡನೇ ನಂಬರ್ ಕೊಡಿ" ಅಂದರೆ ಮುಗಿಯಿತು.

ಸೀರೆ ಅಂಗಡಿಗೂ ಇದೇ ಮಾತು. "ಒಡಲು ಎಲೆಹಸಿರು, ಅಂಚು ಮರೂನ್" ಅಂತ ಸ್ಲೈಡ್ ಮೇಲೆಯೇ ಇರಲಿ. ಫೋನಿಂದ ಫೋನಿಗೆ ಬಣ್ಣ ಬೇರೆಯಾಗಿ ಕಾಣುವುದರಿಂದ ಇದು ಎಲ್ಲಾ ಗ್ರಾಹಕರಿಗೂ ಉಪಯೋಗ. ಸ್ಟಾಕ್ ಇಲ್ಲದ ಮಾಲಿಗೆ ಬರೀ ಕೆಂಪು ಚೌಕಟ್ಟು ಹಾಕಬೇಡಿ, ಅಡ್ಡಗೆರೆ ಎಳೆದು "ಖಾಲಿ" ಅಂತ ಬರೆಯಿರಿ.

ಮಳೆ ಅಲರ್ಟ್ ಸ್ಲೈಡ್

ಹವಾಮಾನ ಇಲಾಖೆ ನಾಲ್ಕು ಬಣ್ಣ ಬಳಸುತ್ತೆ: ಹಸಿರು, ಹಳದಿ, ಕಿತ್ತಳೆ, ಕೆಂಪು. ಅದರ ಜೊತೆಗೆ ಅರ್ಥವನ್ನೂ ಇಲಾಖೆಯೇ ಕೊಡುತ್ತೆ. ಹಸಿರಿಗೆ ಎಚ್ಚರಿಕೆ ಇಲ್ಲ, ಹಳದಿಗೆ ಗಮನವಿರಲಿ, ಕಿತ್ತಳೆಗೆ ಸಿದ್ಧರಾಗಿರಿ, ಕೆಂಪಿಗೆ ಕ್ರಮ ಕೈಗೊಳ್ಳಿ. ಸುದ್ದಿ ಸ್ಲೈಡ್‌ಗೆ ಬರುವಾಗ ಈ ಅರ್ಥ ಬಿಟ್ಟುಹೋಗಿ ಬಣ್ಣದ ನಕ್ಷೆ ಮಾತ್ರ ಉಳಿಯುತ್ತೆ. ಈ ಎಚ್ಚರಿಕೆ ಜಿಲ್ಲೆವಾರು ಬರುವುದರಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕಕ್ಕೂ ಬಣ್ಣ ಒಂದೇ. ಅದಕ್ಕೆ ನಕ್ಷೆಯ ಅಗತ್ಯವೇ ಇಲ್ಲ. "ನಮ್ಮ ಜಿಲ್ಲೆಗೆ ನಾಳೆ ಆರೆಂಜ್ ಅಲರ್ಟ್: ಸಿದ್ಧರಾಗಿರಿ" ಅಂತ ದೊಡ್ಡದಾಗಿ ಬರೆದರೆ ಸಾಕು. ಜೊತೆಗೆ ಮಳೆ ಎಷ್ಟು ಅಂತಲೂ ಹೇಳಿ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಂದರೆ ಭಾರಿ ಮಳೆ, 115.6ರಿಂದ 204.4 ಮಿ.ಮೀ. ಬಂದರೆ ಅತಿ ಭಾರಿ ಮಳೆ.

ಅಕ್ಕಪಕ್ಕದ ಜಿಲ್ಲೆಗಳನ್ನೂ ತೋರಿಸಲೇಬೇಕಾದರೆ ಪ್ರತಿ ಜಿಲ್ಲೆಯ ಒಳಗೇ "ಹಳದಿ", "ಕಿತ್ತಳೆ" ಅಂತ ಬರೆದು, ಗಡಿಗೆ ದಪ್ಪ ಬಿಳಿ ಗೆರೆ ಎಳೆಯಿರಿ. ಗೆರೆ ಇಲ್ಲದಿದ್ದರೆ ಬಣ್ಣ ಗುರುತಿಸಲಾಗದವರಿಗೆ ಎರಡು ಜಿಲ್ಲೆ ಸೇರಿ ಒಂದೇ ಜಿಲ್ಲೆಯ ಹಾಗೆ ಕಾಣುತ್ತೆ.

ಹಾಕುವ ಮುಂಚೆ ಎರಡು ಪರೀಕ್ಷೆ

ಮೊದಲನೆಯದು ಕಪ್ಪು-ಬಿಳುಪು ಪರೀಕ್ಷೆ. ಸ್ಲೈಡನ್ನು ಫೋನಿನ ಗ್ಯಾಲರಿಯಲ್ಲಿ ತೆರೆದು, ಎಡಿಟ್‌ಗೆ ಹೋಗಿ `Saturation` ಅನ್ನು ಪೂರ್ತಿ ಕೆಳಗಿಳಿಸಿ. ಬಣ್ಣ ಹೋದ ಮೇಲೂ ಏರಿಕೆ ಯಾವುದು, ಇಳಿಕೆ ಯಾವುದು ಅಂತ ತಿಳಿಯುತ್ತಾ ನೋಡಿ. ಮಾಮೂಲಿ ಕೆಂಪು `#FF0000` ಮತ್ತು ಹಸಿರು `#008000` ಪಕ್ಕಪಕ್ಕ ಇಟ್ಟು ಹೀಗೆ ಮಾಡಿ, ಎರಡೂ ಹೆಚ್ಚುಕಮ್ಮಿ ಒಂದೇ ಬೂದು ಆಗುತ್ತವೆ. ಇಡೀ ಫೋನನ್ನೇ ಹೀಗೆ ನೋಡಬೇಕಿದ್ದರೆ ಆ್ಯಂಡ್ರಾಯ್ಡ್‌ನ `Settings` ಒಳಗೆ `Accessibility`, ಅಲ್ಲಿ `Color correction`, ಅದರಲ್ಲಿ `Grayscale` ಇರುತ್ತೆ. ಕೆಲವು ಫೋನ್‌ಗಳಲ್ಲಿ ಜಾಗ ಸ್ವಲ್ಪ ಬೇರೆ. ಅಲ್ಲೇ ಇರುವ `Deuteranomaly`, `Protanomaly` ಆಯ್ಕೆಗಳನ್ನು ಪರೀಕ್ಷೆಗೆ ಬಳಸಬೇಡಿ. ಅವು ಬಣ್ಣಗುರುಡು ಇರುವವರಿಗೆ ಸಹಾಯವಾಗಲಿ ಅಂತ ಬಣ್ಣ ಬದಲಿಸುವ ಸೌಲಭ್ಯ, ಅವರ ಕಣ್ಣಿಗೆ ಹೇಗೆ ಕಾಣುತ್ತೆ ಅಂತ ತೋರಿಸುವುದಿಲ್ಲ.

ಎರಡನೆಯದು ಫೋನ್ ಕರೆ ಪರೀಕ್ಷೆ. ಸ್ಲೈಡ್‌ನಲ್ಲಿ ಬರೆದಿರುವುದನ್ನಷ್ಟೇ, ಬಣ್ಣದ ಹೆಸರು ಹೇಳದೆ, ಒಬ್ಬರಿಗೆ ಫೋನಿನಲ್ಲಿ ಓದಿ ಹೇಳಿ. "ಬಿಳಿ ಗೂಡು 620" ಅಂದಾಗ ಆ ಕಡೆಯವರು "ಏರಿದೆಯೋ ಇಳಿದಿದೆಯೋ?" ಅಂತ ಕೇಳಿದರೆ ಆ ಮಾತು ಬಣ್ಣದಲ್ಲೇ ಉಳಿದುಬಿಟ್ಟಿದೆ ಅಂತ ಅರ್ಥ. ಅವರು ಕೇಳಿದ ಪ್ರಶ್ನೆಯ ಉತ್ತರವನ್ನೇ ಸ್ಲೈಡ್ ಮೇಲೆ ಬರೆಯಿರಿ.

ಎರಡೂ ಪರೀಕ್ಷೆಗೆ ಎರಡು ನಿಮಿಷ ಸಾಕು. ಮೊದಲನೆಯದರಲ್ಲಿ ಪಾಸಾಗಿ ಎರಡನೆಯದರಲ್ಲಿ ಫೇಲಾಗುವ ಸ್ಲೈಡ್‌ಗಳೂ ಇರುತ್ತವೆ. ದಟ್ಟ ಹಸಿರು, ತಿಳಿ ಕೆಂಪು ಬಳಸಿದರೆ ಕಪ್ಪು-ಬಿಳುಪಿನಲ್ಲಿ ವ್ಯತ್ಯಾಸ ಕಾಣುತ್ತೆ, ಆದರೆ ಯಾವುದು ಏರಿಕೆ ಅಂತ ಆಗಲೂ ಗೊತ್ತಾಗಲ್ಲ. ಆದ್ದರಿಂದ ಒಂದೇ ಪರೀಕ್ಷೆಗೆ ಸಮಯ ಇದ್ದರೆ ಎರಡನೆಯದನ್ನು ಮಾಡಿ.